ಅಕ್ಷರ ಕಲಿಕೆ: ಒಂದನೆಯ ತರಗತಿಯಲ್ಲಿ ಕನ್ನಡ ಸ್ವರ, ವ್ಯಂಜನಗಳು

ಕನ್ನಡ ಶಾಲೆಗಳ ಒಂದನೆಯ ತರಗತಿಯಲ್ಲಿ ಅಕ್ಷರ ಕಲಿಸಲು ಮೂರು ಕ್ರಮಗಳು ಹೆಚ್ಚಾಗಿ ಬಳಕೆಯಲ್ಲಿವೆ. ಪದವನ್ನು ಚಪ್ಪಾಳೆ ತಟ್ಟಿ ಬಿಡಿಸುವುದು ಕಿವಿಗೆ, ಚಿತ್ರದ ಜೊತೆ ಅಕ್ಷರವನ್ನು ಗುರುತಿಸುವುದು ಕಣ್ಣಿಗೆ, ಬರೆದಿಟ್ಟ ಅಕ್ಷರದ ಮೇಲೆ ತಿದ್ದುವುದು ಕೈಗೆ. ಹಿಂದಿನ ಕೂಲಿಮಠಗಳಲ್ಲಿ ಮರಳಿನ ಮೇಲೆ ತಿದ್ದುವುದೇ ಮೊದಲ ಪಾಠವಾಗಿತ್ತು. ಈಗ ಆ ಕ್ರಮವನ್ನು ತಿರುಗಿಸಿ, ಕಿವಿಯಿಂದ ಆರಂಭಿಸಿ ಕೈಯಲ್ಲಿ ಮುಗಿಸುವುದು ಹೆಚ್ಚು ಫಲ ಕೊಡುತ್ತದೆ. ಮಗು ಶಾಲೆಗೆ ಬರುವಾಗ ಮಾತನ್ನು ತಂದಿರುತ್ತದೆ. ಅಕ್ಷರದ ಆಕಾರ ಮಾತ್ರ ಅದಕ್ಕೆ ಹೊಸದು.

ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳಿವೆ. ಉಚ್ಚಾರಣೆಯ ಸ್ಥಾನವನ್ನು ಹಿಡಿದು ಜೋಡಿಸಿದ ಈ ಸಾಲು ಶಾಸ್ತ್ರಕ್ಕೆ ಒಪ್ಪುವಂಥದ್ದು, ಬಾಯಿಪಾಠಕ್ಕೂ ಹಿತವಾದದ್ದು. ಓದಿಗೆ ಮಾತ್ರ ಅದು ನಿಧಾನದ ದಾರಿ. ಸ್ವರಗಳ ಬಿಡಿ ರೂಪ ಸಾಮಾನ್ಯವಾಗಿ ಪದದ ಮೊದಲಲ್ಲಷ್ಟೇ ಬರುತ್ತದೆ. ಪದದ ಒಳಗೆ ಅದು ಕಾಗುಣಿತದ ಚಿಹ್ನೆಯಾಗಿ ವ್ಯಂಜನಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಹದಿಮೂರು ಸ್ವರಗಳನ್ನೂ ಕಲಿತ ಮಗುವಿಗೆ ‘ಆ’, ‘ಈ’ಗಳಂಥ ಒಂದಕ್ಷರದ ಮಾತು ಬಿಟ್ಟರೆ ಓದಲು ಪದವೇ ಸಿಗುವುದಿಲ್ಲ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ–ಕಲಿ’ ಪದ್ಧತಿ ಈ ತೊಡಕನ್ನು ಬಿಡಿಸಿತು. ಅದರ ಮೊದಲ ಗುಂಪು ರ, ಗ, ಸ, ದ, ಅ. ನಾಲ್ಕು ವ್ಯಂಜನಗಳಲ್ಲೂ ಅಕಾರ ಸೇರಿಯೇ ಇರುವುದರಿಂದ ಕಾಗುಣಿತವಿಲ್ಲದೆಯೇ ಸರ, ರಸ, ದರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮುಂದಿನ ಗುಂಪು ಜ, ವ, ಮ, ಬ, ನ ಬಂದಾಗ ಮರ, ಮನ, ವನ, ಜನ, ಬರ, ನವಮಿಯ ‘ನವ’ ಎಲ್ಲವೂ ಕೈಗೆಟುಕುತ್ತವೆ.

ಮೊದಲ ಗುಂಪಿನ ಪಾಠ ಹೀಗೆ ಸಾಗಬಹುದು. ಶಿಕ್ಷಕಿ ಗರಗಸದ ಚಿತ್ರ ತೋರಿಸಿ ಅದರ ಹೆಸರನ್ನು ಮಕ್ಕಳ ಬಾಯಿಂದಲೇ ಹೊರಡಿಸುತ್ತಾರೆ. ಬಡಗಿಯ ಕೆಲಸ ಕಂಡಿರದ ಮಕ್ಕಳಿದ್ದರೆ ನಿಜವಾದ ಗರಗಸವನ್ನೇ ತರಿಸಿ ತೋರಿಸುವುದು ಒಳ್ಳೆಯದು. ಅನಂತರ ಎಲ್ಲರೂ ಗ–ರ–ಗ–ಸ ಎಂದು ನಾಲ್ಕು ಚಪ್ಪಾಳೆ ತಟ್ಟುತ್ತಾರೆ. ಪ್ರತಿ ಚಪ್ಪಾಳೆಗೂ ಮಗು ತನ್ನ ಮುಂದೆ ಎಡದಿಂದ ಬಲಕ್ಕೆ ಒಂದೊಂದು ಹುಣಸೆಬೀಜ ಇಡುತ್ತದೆ. ‘ಮೊದಲ ಬೀಜ ಏನನ್ನುತ್ತದೆ? ಮೂರನೆಯದು ಏನನ್ನುತ್ತದೆ?’ ಎಂದು ಕೇಳಿದಾಗ ಎರಡಕ್ಕೂ ‘ಗ’ ಎಂಬ ಉತ್ತರ ಬಂದರೆ ಕಿವಿಯ ಕೆಲಸ ಮುಗಿಯಿತು. ಆಗ ಬೀಜ ತೆಗೆದು ಆ ಜಾಗದಲ್ಲಿ ಅಕ್ಷರದ ಮಿಂಚುಪಟ್ಟಿ ಇಡಬೇಕು. ಕೇಳಿದ ಸದ್ದು ಕಾಣುವ ಗುರುತಾಗುವುದು ಇಲ್ಲೇ. ಚಪ್ಪಾಳೆಯನ್ನು ಬರೀ ಆಟವಾಗಿ ಬಿಟ್ಟು ಈ ಬೀಜದ ಹಂತವನ್ನು ಹಾರಿಸಿದ ತರಗತಿಗಳಲ್ಲಿ ಮಕ್ಕಳು ಲಯವನ್ನು ಕಲಿಯುತ್ತಾರೆ, ಅಕ್ಷರ ಹಾಗೇ ಉಳಿಯುತ್ತದೆ.

ಅಚ್ಚಗನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುವುದರಿಂದ ಚಪ್ಪಾಳೆಯ ಎಣಿಕೆ ಅಕ್ಷರದ ಎಣಿಕೆಗೆ ಚೆನ್ನಾಗಿ ಹೊಂದುತ್ತದೆ. ‘ಅಂಗಡಿ’ಗೆ ಮೂರು ಚಪ್ಪಾಳೆ, ಬರವಣಿಗೆಯಲ್ಲೂ ಮೂರು. ‘ಬಸ್’ ಎಂಬಲ್ಲಿ ಮಾತ್ರ ಒಂದೇ ಚಪ್ಪಾಳೆಗೆ ಎರಡು ಅಕ್ಷರ ಬರೆಯಬೇಕು. ಮೊದಲ ತಿಂಗಳುಗಳಲ್ಲಿ ಇಂಥ ಪದ ಬೇಡ. ದೀರ್ಘ ಬಂದಾಗಲೂ ಮಕ್ಕಳು ತಪ್ಪುತ್ತಾರೆ: ‘ಕಾಗೆ’ಯನ್ನು ಎಳೆದು ಕ–ಆ–ಗೆ ಎಂದು ಮೂರು ತಟ್ಟುತ್ತಾರೆ. ಹ್ರಸ್ವಕ್ಕೆ ತಟ್ಟಿ ನಿಲ್ಲಿಸುವುದು, ದೀರ್ಘಕ್ಕೆ ತಟ್ಟಿದ ಕೈಗಳನ್ನು ನಿಧಾನವಾಗಿ ಅಗಲಿಸುವುದು ಎಂದು ಹೇಳಿಕೊಟ್ಟರೆ ಎಣಿಕೆ ಸರಿಹೋಗುತ್ತದೆ, ಮುಂದೆ ಇ–ಈ, ಉ–ಊ ವ್ಯತ್ಯಾಸಕ್ಕೂ ಅದೇ ಕೈಸನ್ನೆ ನೆರವಾಗುತ್ತದೆ.

ಚಿತ್ರದ ಆಯ್ಕೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗೋಡೆಯ ಪಟದಲ್ಲಿ ಹ ಅಕ್ಷರಕ್ಕೆ ಹಸು ಇರುತ್ತದೆ. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಅದು ‘ಅಸು’. ಎ ಅಕ್ಷರಕ್ಕೆ ಎಲೆ ಇರುತ್ತದೆ; ಮಗುವಿನ ಬಾಯಲ್ಲಿ ಅದು ‘ಯೆಲೆ’. ಒ ಅಕ್ಷರದ ಒಲೆ ‘ವೊಲೆ’ ಆಗುತ್ತದೆ. ಧಾರವಾಡದ ಮಗು ಮನೆಯ ಚಿತ್ರ ನೋಡಿ ‘ಮನಿ’ ಅನ್ನುತ್ತದೆ. ಉರ್ದು ಮನೆಮಾತಿನ ಮಗುವಿಗೆ ಆನೆ ‘ಹಾಥಿ’ಯಾಗಿ ಕಂಡರೆ ಆ ಚಿತ್ರದಿಂದ ‘ಆ’ ಹೊರಡುವುದೇ ಇಲ್ಲ. ಇದಾವುದೂ ಮಗುವಿನ ತಪ್ಪಲ್ಲ. ಪಟ ತೂಗುಹಾಕುವ ಮೊದಲು ಪ್ರತಿ ಚಿತ್ರವನ್ನೂ ಮಕ್ಕಳಿಗೆ ತೋರಿಸಿ ‘ಇದೇನು?’ ಎಂದು ಕೇಳಿ, ಬೇರೆ ಸದ್ದು ಬಂದ ಚಿತ್ರಗಳನ್ನು ಬದಲಿಸುವುದೇ ಸರಿಯಾದ ದಾರಿ. ಹಕಾರವನ್ನೇ ನುಡಿಯದ ಊರಿನಲ್ಲಿ ಆ ಅಕ್ಷರವನ್ನು ಕೊನೆಯ ಗುಂಪುಗಳಿಗೆ ಸರಿಸಿ, ಬರವಣಿಗೆಯ ರೂಪವೆಂದು ಬೇರೆಯಾಗಿ ಪರಿಚಯಿಸಬಹುದು. ಣ, ಳ ಅಕ್ಷರಗಳು ಕನ್ನಡ ಪದದ ಮೊದಲಿಗೆ ಬರುವುದಿಲ್ಲ. ಅವಕ್ಕೆ ಹಣ, ಬಳೆ ಎಂಬಂತೆ ಸದ್ದು ನಡುವೆ ಅಥವಾ ಕೊನೆಗೆ ಬರುವ ಚಿತ್ರವೇ ಗತಿ. ಅಲ್ಲಿ ಯಾವ ಚಪ್ಪಾಳೆಯ ಸದ್ದು ಬೇಕೆಂದು ಹೇಳಲೇಬೇಕು.

ಚಿತ್ರ ಅಕ್ಷರಕ್ಕೆ ದಾರಿಯಾಗಿದೆಯೋ ಅಡ್ಡಿಯಾಗಿದೆಯೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಚಿತ್ರವಿಲ್ಲದೆ ‘ಗರಗರ’ ಎಂದು ಬರೆದು ಓದಿಸಿ. ‘ಗರಗಸ’ ಎಂದು ಥಟ್ಟನೆ ಹೇಳಿದ ಮಗು ಪದದ ಒಟ್ಟು ರೂಪವನ್ನು ನೆನಪಿಟ್ಟಿದೆ, ಅಕ್ಷರಗಳನ್ನು ನೋಡಿಲ್ಲ. ‘ಸರ’ ಮತ್ತು ‘ರಸ’ವನ್ನು ಅಕ್ಕಪಕ್ಕ ಇಟ್ಟರೂ ಇದು ಹೊರಬೀಳುತ್ತದೆ. ಪಾಠದಲ್ಲಿ ಬಾರದ ‘ದಸರ’ವನ್ನು ತಡವರಿಸಿಯಾದರೂ ಓದಿದ ಮಗು ಐದು ಅಕ್ಷರಗಳಲ್ಲಿ ಮೂರನ್ನು ನಿಜವಾಗಿ ಕಲಿತಿದೆ.

ತಿದ್ದುವುದು ಇಷ್ಟಾದ ಮೇಲೆ. ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೊಳದುದ್ದದ ಅಕ್ಷರ ಬರೆದು ಅದರ ಮೇಲೆ ನಡೆಸುವುದು, ಆಮೇಲೆ ಮರಳಿನ ತಟ್ಟೆಯಲ್ಲಿ ಬೆರಳಾಡಿಸುವುದು, ಕೊನೆಗೆ ಸ್ಲೇಟಿನಲ್ಲಿ ಬಳಪದಿಂದ ತಿದ್ದುವುದು. ಆರಂಭದ ಜಾಗಕ್ಕೆ ಚುಕ್ಕಿ, ಸಾಗುವ ದಿಕ್ಕಿಗೆ ಬಾಣ ಬೇಕು. ಬೆರಳು ಓಡುವಾಗ ಬಾಯಿ ಆ ಸದ್ದನ್ನು ನುಡಿಯುತ್ತಿರಬೇಕು. ಮೌನವಾಗಿ ಹತ್ತು ಸಲ ತಿದ್ದಿದ ಮಗು ಬಿಡಿಸಿದ್ದು ಬರೀ ಚಿತ್ರ. ಗ, ರ, ಸ, ದಗಳ ತಲೆಕಟ್ಟನ್ನು ಬೇರೆಯದೇ ಗೆರೆಯಾಗಿ ತಿದ್ದಿಸಿದರೆ ಮುಂದೆ ಅನುಕೂಲ: ‘ಗ’ ‘ಗಿ’ಯಾದಾಗ ತಲೆಕಟ್ಟು ಹೋಗಿ ಅಲ್ಲಿ ಗುಡಿಸು ಬರುವುದು ಮಗುವಿಗೆ ವಿಚಿತ್ರವೆನಿಸದು. ಜ, ಬ, ಲ, ಣಗಳಿಗೆ ತಲೆಕಟ್ಟಿಲ್ಲ ಎಂಬುದನ್ನೂ ಆಯಾ ಪಾಠದಲ್ಲೇ ತೋರಿಸಬೇಕು.

ಮೂರು ನಾಲ್ಕು ಸಲ ತಿದ್ದಿದ ಮೇಲೆ ಮಾದರಿಯನ್ನು ಅಳಿಸಿ, ‘ಸ ಬರೆ’ ಎಂದು ಹೇಳಿ ಬರೆಯಿಸಬೇಕು. ಬಹಳ ಕಾಲ ತಿದ್ದಿಸುವುದೇ ಇಲ್ಲಿನ ದೊಡ್ಡ ಲೋಪ. ಮಾದರಿ ಇದ್ದಾಗ ಸುಂದರವಾಗಿ ಬರೆದು, ಅದಿಲ್ಲದಾಗ ಬಳಪ ಎತ್ತಲಾರದ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ದ–ಧ–ಥ, ಪ–ಷ, ವ–ಮ ಜೋಡಿಗಳನ್ನು ಒಂದೇ ದಿನ ತಿದ್ದಿಸಬಾರದು. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತಂದು, ಬೇರೆಯಾಗುವ ಗೆರೆಯ ಮೇಲಷ್ಟೇ ಬಣ್ಣದ ಸೀಮೆಸುಣ್ಣ ಎಳೆಯಬೇಕು.

ಕನ್ನಡ ಓದಿನ ಬಗ್ಗೆ 2007ರಲ್ಲಿ ಸೋನಾಲಿ ನಾಗ್ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಪೂರ್ಣ ಪರಿಚಯ ಒಂದನೆಯ ತರಗತಿಯಲ್ಲಿ ಮುಗಿಯದೆ ಮುಂದಿನ ತರಗತಿಗಳಿಗೂ ಹಬ್ಬುತ್ತದೆ ಎಂದು ತೋರಿಸಿತು. ಕಾಗುಣಿತ ಮತ್ತು ಒತ್ತಕ್ಷರಗಳಿಂದ ರೂಪಗಳು ನೂರಾರಾಗುವುದೇ ಇದಕ್ಕೆ ಕಾರಣ. ಚಪ್ಪಾಳೆಯ ನೆರವೂ ಇಲ್ಲಿ ತೆಳುವಾಗುತ್ತದೆ. ‘ಕಿ’ಯ ಒಳಗೆ ಕ್ ಮತ್ತು ಇ ಇವೆ ಎಂದು ಚಪ್ಪಾಳೆ ಹೇಳಲಾರದು, ಕ, ಕಿ, ಕು ಎಂಬ ಸಾಲನ್ನು ಗ, ಗಿ, ಗು ಸಾಲಿನ ಪಕ್ಕದಲ್ಲಿಟ್ಟು ನುಡಿಸಬೇಕಾಗುತ್ತದೆ. ‘ಅಕ್ಕ’ ಎಂದು ತಟ್ಟಿದರೆ ಕೈಗೆ ಅಕ್–ಕ ಸಿಗುತ್ತದೆ, ಬರೆಯುವಾಗ ಅ–ಕ್ಕ ಎಂದು ಒಡೆಯುತ್ತದೆ. ಎಣಿಕೆ ಎರಡೇ ಆದರೂ ಒಡೆಯುವ ಜಾಗ ಬೇರೆ. ಒತ್ತನ್ನು ಬಿಟ್ಟು ‘ಅಕ’ ಎಂದೋ, ಕಿವಿಗೆ ಬಿದ್ದಂತೆಯೇ ‘ಅಕ್‌ಕ’ ಎಂದೋ ಬರೆಯುವ ಮಗುವಿಗೆ ‘ಅಕ’, ‘ಅಕ್ಕ’ ಎರಡನ್ನೂ ಒಟ್ಟಿಗೆ ನುಡಿದು ತೋರಿಸಿ, ನಾಲಿಗೆ ಎಲ್ಲಿ ಒತ್ತಿ ನಿಲ್ಲುತ್ತದೆಂದು ಗಮನಿಸಲು ಹೇಳುವುದು ಮುಂದಿನ ಹಂತದ ಪಾಠ.