ಹಿಟೋರಿ

ಹಿಟೋರಿ ಎಂಬುದು ಜಪಾನಿನಲ್ಲಿ ರೂಪುಗೊಂಡ ಒಂದು ತಾರ್ಕಿಕ ಒಗಟು. ಸಂಖ್ಯೆಗಳಿಂದ ತುಂಬಿದ ಚೌಕಳಿಯಲ್ಲಿ ಮರುಕಳಿಸುವ ಸಂಖ್ಯೆಗಳಿರುವ ಕೆಲವು ಮನೆಗಳನ್ನು ಕಪ್ಪು ಮಾಡುತ್ತ ಹೋಗಿ, ಉಳಿದ ಮನೆಗಳಲ್ಲಿ ಯಾವ ಸಂಖ್ಯೆಯೂ ಒಂದೇ ಸಾಲಿನಲ್ಲಿ ಎರಡು ಬಾರಿ ಬಾರದಂತೆ ಮಾಡುವುದು ಇದರ ಗುರಿ. ಸುಡೊಕುವಿನಲ್ಲಿ ಖಾಲಿ ಮನೆಗಳನ್ನು ತುಂಬಿಸಬೇಕಾದರೆ, ಇಲ್ಲಿ ತುಂಬಿದ ಮನೆಗಳಿಂದ ಸಂಖ್ಯೆಗಳನ್ನು ತೆಗೆಯಬೇಕು. ಈ ಒಗಟಿನಲ್ಲಿ ಕೂಡುವ ಕಳೆಯುವ ಲೆಕ್ಕವಿಲ್ಲ. ಸಂಖ್ಯೆಗಳು ಕೇವಲ ಗುರುತುಗಳಾಗಿದ್ದು, ಅವುಗಳ ಬದಲು ಅಕ್ಷರಗಳನ್ನು ಬಳಸಿದರೂ ಒಗಟು ಬದಲಾಗದು.

## ಹೆಸರು ಮತ್ತು ಇತಿಹಾಸ

ಒಗಟಿನ ಪೂರ್ಣ ಹೆಸರು "ಹಿಟೋರಿ ನಿ ಶಿಟೆ ಕುರೆ". ಜಪಾನಿ ಭಾಷೆಯಲ್ಲಿ ಇದಕ್ಕೆ "ನನ್ನನ್ನು ಒಂಟಿಯಾಗಿರಲು ಬಿಡು" ಎಂಬ ಅರ್ಥವಿದೆ. ಪ್ರತಿಯೊಂದು ಸಂಖ್ಯೆಯೂ ತನ್ನ ಸಾಲಿನಲ್ಲಿ ಒಂಟಿಯಾಗಿ ಉಳಿಯಬೇಕೆಂಬ ನಿಯಮವನ್ನು ಈ ಹೆಸರು ಸೂಚಿಸುತ್ತದೆ. ಸುಡೊಕುವನ್ನು ಜನಪ್ರಿಯಗೊಳಿಸಿದ ನಿಕೋಲಿ ಎಂಬ ಜಪಾನಿ ಪ್ರಕಾಶನ ಸಂಸ್ಥೆಯು ತನ್ನ ಒಗಟುಗಳ ಪತ್ರಿಕೆಯ 29ನೆಯ ಸಂಚಿಕೆಯಲ್ಲಿ, 1990ರ ಮಾರ್ಚ್‌ನಲ್ಲಿ, ಹಿಟೋರಿಯನ್ನು ಮೊದಲಿಗೆ ಪ್ರಕಟಿಸಿತು. ಸೈಮನ್ ಟ್ಯಾಥಮ್ ಅವರ ಉಚಿತ ಗಣಕ ಒಗಟುಗಳ ಸಂಗ್ರಹದಲ್ಲಿ ಇದೇ ಒಗಟು "ಸಿಂಗಲ್ಸ್" ಎಂಬ ಹೆಸರಿನಲ್ಲಿದೆ.

## ನಿಯಮಗಳು

ಆರಂಭದಲ್ಲಿ ಎಲ್ಲ ಮನೆಗಳೂ ಬಿಳಿಯಾಗಿದ್ದು, ಪ್ರತಿಯೊಂದರಲ್ಲೂ ಒಂದು ಸಂಖ್ಯೆ ಇರುತ್ತದೆ. ಉತ್ತರವು ಮೂರು ನಿಯಮಗಳನ್ನು ಒಟ್ಟಿಗೆ ಪಾಲಿಸಬೇಕು.

1. ಯಾವುದೇ ಅಡ್ಡಸಾಲಿನಲ್ಲಾಗಲಿ ಕಂಬಸಾಲಿನಲ್ಲಾಗಲಿ ಬಿಳಿಯ ಮನೆಗಳಲ್ಲಿ ಒಂದೇ ಸಂಖ್ಯೆ ಎರಡು ಬಾರಿ ಬರಬಾರದು.
2. ಎರಡು ಕಪ್ಪು ಮನೆಗಳು ಅಕ್ಕಪಕ್ಕದಲ್ಲಾಗಲಿ ಮೇಲೆ ಕೆಳಗಾಗಲಿ ತಾಗಿಕೊಂಡಿರಬಾರದು. ಅವು ಮೂಲೆಯಿಂದ ಮೂಲೆಗೆ, ಅಂದರೆ ಕರ್ಣದ ದಿಕ್ಕಿನಲ್ಲಿ ತಾಗಬಹುದು.
3. ಬಿಳಿಯ ಮನೆಗಳೆಲ್ಲವೂ ಸೇರಿ ಒಂದೇ ಗುಂಪಾಗಿರಬೇಕು. ಯಾವುದೇ ಬಿಳಿ ಮನೆಯಿಂದ ಹೊರಟು, ಅಕ್ಕಪಕ್ಕದ ಅಥವಾ ಮೇಲೆ ಕೆಳಗಿನ ಬಿಳಿ ಮನೆಗಳ ಮೂಲಕವೇ ಸಾಗಿ, ಬೇರೆ ಯಾವುದೇ ಬಿಳಿ ಮನೆಯನ್ನು ತಲುಪುವಂತಿರಬೇಕು.

ಬಿಡಿಸುವವರು ಸಾಮಾನ್ಯವಾಗಿ ಬಿಳಿಯಾಗಿಯೇ ಉಳಿಯುವುದೆಂದು ಖಚಿತವಾದ ಸಂಖ್ಯೆಯ ಸುತ್ತ ಒಂದು ವೃತ್ತವನ್ನು ಎಳೆಯುತ್ತಾರೆ. ಇದರಿಂದ ನಿರ್ಧಾರವಾದ ಬಿಳಿ ಮನೆಗಳೂ ಇನ್ನೂ ನಿರ್ಧಾರವಾಗದ ಮನೆಗಳೂ ಬೇರೆಬೇರೆಯಾಗಿ ಕಾಣುತ್ತವೆ.

## ಮೂಲ ತರ್ಕಗಳು

ಹಿಟೋರಿಯ ಹೆಚ್ಚಿನ ಹೆಜ್ಜೆಗಳು ಎರಡು ಸರಳ ಪರಿಣಾಮಗಳಿಂದ ಹುಟ್ಟುತ್ತವೆ. ಒಂದು ಮನೆ ಕಪ್ಪಾದರೆ, ಎರಡನೆಯ ನಿಯಮದಂತೆ ಅದರ ನಾಲ್ಕೂ ಬದಿಯ ಮನೆಗಳು ಬಿಳಿಯಾಗುತ್ತವೆ. ಒಂದು ಮನೆ ಬಿಳಿಯೆಂದು ಖಚಿತವಾದರೆ, ಮೊದಲನೆಯ ನಿಯಮದಂತೆ ಅದರ ಅಡ್ಡಸಾಲು ಮತ್ತು ಕಂಬಸಾಲಿನಲ್ಲಿ ಅದೇ ಸಂಖ್ಯೆಯಿರುವ ಉಳಿದ ಮನೆಗಳೆಲ್ಲ ಕಪ್ಪಾಗುತ್ತವೆ. ಒಂದು ಹೆಜ್ಜೆ ಮತ್ತೊಂದನ್ನು ಎಬ್ಬಿಸುವುದರಿಂದ, ಒಂದೇ ಖಚಿತ ಮನೆ ದೊರೆತರೂ ಚೌಕಳಿಯ ದೊಡ್ಡ ಭಾಗ ತಾನಾಗಿ ಬಿಡಿಸಿಕೊಳ್ಳಬಹುದು.

ಮೊದಲ ಖಚಿತ ಮನೆಯನ್ನು ಹುಡುಕಲು ಕೆಲವು ವಿನ್ಯಾಸಗಳು ನೆರವಾಗುತ್ತವೆ.

* ನಡುವಿನ ಮನೆ: ಒಂದು ಸಾಲಿನಲ್ಲಿ 4 2 4 ಎಂಬಂತೆ ಎರಡು ಸಮಾನ ಸಂಖ್ಯೆಗಳ ನಡುವೆ ಒಂದೇ ಮನೆ ಇದ್ದರೆ, ಆ ನಡುವಿನ ಮನೆ ಬಿಳಿಯೇ ಆಗಿರಬೇಕು. ಅದನ್ನು ಕಪ್ಪು ಮಾಡಿದರೆ ಎರಡೂ ಬದಿಯ 4ಗಳು ಬಿಳಿಯಾಗಿ ಉಳಿದು ಮೊದಲನೆಯ ನಿಯಮ ಮುರಿಯುತ್ತದೆ.
* ಜೋಡಿ ಮತ್ತು ಒಂಟಿ: ಒಂದು ಸಾಲಿನಲ್ಲಿ ಒಂದೇ ಸಂಖ್ಯೆ ತಾಗಿಕೊಂಡ ಜೋಡಿಯಾಗಿಯೂ, ದೂರದಲ್ಲಿ ಮತ್ತೊಮ್ಮೆ ಒಂಟಿಯಾಗಿಯೂ ಇದ್ದರೆ ಒಂಟಿಯಾದುದು ಕಪ್ಪಾಗಬೇಕು. ಜೋಡಿಯ ಎರಡೂ ಮನೆಗಳು ಕಪ್ಪಾಗಲಾರವು. ಆದ್ದರಿಂದ ಅವುಗಳಲ್ಲೊಂದು ಬಿಳಿಯಾಗಿ ಉಳಿದೇ ಉಳಿಯುತ್ತದೆ.
* ಮೂಲೆ: ಮೂಲೆಯ ಮನೆಗೆ ಎರಡೇ ನೆರೆಮನೆಗಳಿವೆ. ಎರಡೂ ಕಪ್ಪಾದರೆ ಮೂಲೆ ಒಂಟಿಯಾಗಿ ಕಡಿದುಹೋಗುತ್ತದೆ. ಹೀಗಾಗಿ ಮೂಲೆಯ ನಾಲ್ಕು ಮನೆಗಳ ಚೌಕದಲ್ಲಿ ಒಂದೇ ಸಂಖ್ಯೆ ನಾಲ್ಕು ಬಾರಿ ಬಂದರೆ, ಮೂಲೆಯ ಮನೆಯೂ ಅದಕ್ಕೆ ಕರ್ಣದಲ್ಲಿರುವ ಮನೆಯೂ ಕಪ್ಪಾಗಬೇಕು. ಇನ್ನೊಂದು ಕರ್ಣವನ್ನು ಆರಿಸಿದರೆ ಮೂಲೆ ಮುಚ್ಚಿಹೋಗುತ್ತದೆ.

## ಸಂಪರ್ಕದ ನಿಯಮ

ಮೂರನೆಯ ನಿಯಮವನ್ನು ಕಣ್ಣಳತೆಯಲ್ಲಿ ಪರೀಕ್ಷಿಸುವುದು ಕಷ್ಟವೆನಿಸಬಹುದು. ಆದರೆ ಬಿಳಿಯ ಮನೆಗಳನ್ನು ಬೆನ್ನುಹತ್ತುವ ಬದಲು ಕಪ್ಪು ಮನೆಗಳನ್ನು ನೋಡಿದರೆ ಕೆಲಸ ಸುಲಭವಾಗುತ್ತದೆ. ಕಪ್ಪು ಮನೆಗಳು ಬದಿಯಲ್ಲಿ ತಾಗಲಾರವಾದ್ದರಿಂದ, ಅವು ಬಿಳಿಯನ್ನು ತಡೆಯುವ ಗೋಡೆಯಾಗಬೇಕಾದರೆ ಕರ್ಣದ ದಿಕ್ಕಿನಲ್ಲಿ ಮೂಲೆಗೆ ಮೂಲೆ ಸೇರಿ ಸರಪಳಿಯಾಗಬೇಕು. ಅಂಥ ಸರಪಳಿ ಎರಡು ಸಂದರ್ಭಗಳಲ್ಲಿ ಮಾತ್ರ ಬಿಳಿಯ ಭಾಗವನ್ನು ಒಡೆಯುತ್ತದೆ: ಅದು ಚೌಕಳಿಯ ಅಂಚನ್ನು ಎರಡು ಬೇರೆ ಮನೆಗಳಲ್ಲಿ ಮುಟ್ಟಿದಾಗ, ಅಥವಾ ತನ್ನನ್ನೇ ಸುತ್ತಿಕೊಂಡು ಬಳೆಯಾದಾಗ. ಒಂದೇ ಬಿಳಿ ಮನೆಯನ್ನು ಸುತ್ತುವರಿದ ನಾಲ್ಕು ಕಪ್ಪು ಮನೆಗಳು ಅತಿ ಚಿಕ್ಕ ಬಳೆ.

ಆದ್ದರಿಂದ ಹೊಸದಾಗಿ ಒಂದು ಮನೆಯನ್ನು ಕಪ್ಪು ಮಾಡುವ ಮೊದಲು ಅದರ ಕರ್ಣದಲ್ಲಿರುವ ಕಪ್ಪು ಮನೆಗಳಿಂದ ಸರಪಳಿಯನ್ನು ಹಿಡಿದು ಹೋಗಿ, ಅದು ಅಂಚನ್ನು ಎರಡನೆಯ ಬಾರಿ ಮುಟ್ಟುವುದೇ ಅಥವಾ ಬಳೆಯಾಗುವುದೇ ಎಂದು ನೋಡಿದರೆ ಸಾಕು. ಮುಟ್ಟುವುದಾದರೆ ಅಥವಾ ಬಳೆಯಾಗುವುದಾದರೆ ಆ ಮನೆ ಬಿಳಿ.

## ಉದಾಹರಣೆ

ಕೆಳಗಿನ ಐದು ಸಾಲುಗಳ ಒಗಟಿನಲ್ಲಿ ಮೂರನೆಯ ನಿಯಮದ ಪಾತ್ರ ಸ್ಪಷ್ಟವಾಗುತ್ತದೆ. (2,4) ಎಂದರೆ ಎರಡನೆಯ ಅಡ್ಡಸಾಲಿನ ನಾಲ್ಕನೆಯ ಮನೆ.

```
3 4 4 1 2
2 4 5 2 3
4 5 1 4 4
5 1 4 2 4
2 3 2 5 3
```

ನಾಲ್ಕನೆಯ ಅಡ್ಡಸಾಲಿನ ಕೊನೆಯಲ್ಲಿ 4 2 4 ಇದೆ. ಆದ್ದರಿಂದ ನಡುವಿನ (4,4) ಬಿಳಿ. ಅದೇ ಕಂಬಸಾಲಿನ ಇನ್ನೊಂದು 2, ಅಂದರೆ (2,4), ಕಪ್ಪಾಗುತ್ತದೆ. ಅದರ ನೆರೆಯ (1,4), (2,3), (2,5), (3,4) ಬಿಳಿಯಾಗುತ್ತವೆ.

ಈಗ (3,4)ರ 4 ಬಿಳಿಯಾದ್ದರಿಂದ ಅದೇ ಅಡ್ಡಸಾಲಿನ (3,1) ಮತ್ತು (3,5) ಕಪ್ಪಾಗುತ್ತವೆ. ಇವುಗಳಲ್ಲಿ (3,1) ಕಪ್ಪೆಂಬುದನ್ನು ಜೋಡಿ ಮತ್ತು ಒಂಟಿಯ ತರ್ಕದಿಂದ ಆರಂಭದಲ್ಲೇ ಕಂಡುಕೊಳ್ಳಬಹುದಿತ್ತು. (3,1)ರಿಂದಾಗಿ (2,1), (4,1), (3,2) ಬಿಳಿಯಾಗುತ್ತವೆ. (3,5)ರಿಂದಾಗಿ (4,5) ಬಿಳಿಯಾಗುತ್ತದೆ.

(4,5)ರ 4 ಬಿಳಿಯಾದ್ದರಿಂದ (4,3) ಕಪ್ಪು. ಅದರ ನೆರೆಯ (3,3), (4,2), (5,3) ಬಿಳಿ. (5,3)ರ 2 ಬಿಳಿಯಾದ್ದರಿಂದ (5,1) ಕಪ್ಪು, ಅದರ ಪಕ್ಕದ (5,2) ಬಿಳಿ. (5,2)ರ 3 ಬಿಳಿಯಾದ್ದರಿಂದ (5,5) ಕಪ್ಪು, ಅದರ ಪಕ್ಕದ (5,4) ಬಿಳಿ. ಮೂಲೆಯ (1,1)ರ 3 ಮತ್ತು (1,5)ರ 2 ತಮ್ಮ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಬೇರೆಲ್ಲೂ ಇಲ್ಲವಾದ್ದರಿಂದ ಅವನ್ನು ಬಿಳಿಯಾಗಿ ಬಿಡಬಹುದು.

ಉಳಿದಿರುವುದು (1,2), (1,3), (2,2) ಎಂಬ ಮೂರು ಮನೆಗಳು. ಮೂರರಲ್ಲೂ 4 ಇದೆ. ಮೊದಲ ಎರಡು ನಿಯಮಗಳನ್ನಷ್ಟೇ ನೋಡಿದರೆ ಇಲ್ಲಿ ಎರಡು ದಾರಿಗಳಿವೆ: (1,2) ಒಂದನ್ನೇ ಕಪ್ಪು ಮಾಡುವುದು, ಅಥವಾ (1,3) ಮತ್ತು (2,2) ಎರಡನ್ನೂ ಕಪ್ಪು ಮಾಡುವುದು. ಎರಡನೆಯ ದಾರಿಯಲ್ಲಿ ಚೌಕಳಿ ಹೀಗಾಗುತ್ತದೆ.

```
3 4 ■ 1 2
2 ■ 5 ■ 3
■ 5 1 4 ■
5 1 ■ 2 4
■ 3 2 5 ■
```

ಇದರಲ್ಲಿ ಯಾವ ಸಂಖ್ಯೆಯೂ ಮರುಕಳಿಸಿಲ್ಲ, ಯಾವ ಕಪ್ಪು ಮನೆಯೂ ಇನ್ನೊಂದರ ಬದಿಗೆ ತಾಗಿಲ್ಲ. ಆದರೂ ಇದು ಉತ್ತರವಲ್ಲ. (1,3), (2,4), (3,5) ಎಂಬ ಸರಪಳಿ ಮೇಲಿನ ಅಂಚಿನಿಂದ ಬಲ ಅಂಚಿಗೆ ಹೋಗಿ ಮೂಲೆಯ ಮೂರು ಮನೆಗಳನ್ನು ಕಡಿದಿದೆ. (1,3), (2,2), (3,1) ಎಂಬ ಸರಪಳಿ ಎಡಮೂಲೆಯ ಮೂರು ಮನೆಗಳನ್ನೂ ಹಾಗೆಯೇ ಕಡಿದಿದೆ. ಬಿಳಿಯ 17 ಮನೆಗಳು 3, 3 ಮತ್ತು 11 ಮನೆಗಳ ಮೂರು ಗುಂಪುಗಳಾಗಿ ಒಡೆದಿವೆ. ಆದ್ದರಿಂದ (1,3) ಬಿಳಿಯಾಗಿ, (1,2) ಕಪ್ಪಾಗಿ, ಅದರ ಕೆಳಗಿನ (2,2) ಬಿಳಿಯಾಗಿ ಉಳಿಯಬೇಕು. ಸರಿಯಾದ ಉತ್ತರ ಹೀಗಿದೆ.

```
3 ■ 4 1 2
2 4 5 ■ 3
■ 5 1 4 ■
5 1 ■ 2 4
■ 3 2 5 ■
```

ಬಿಡಿಸುವವರು ಸಾಮಾನ್ಯವಾಗಿ ಎಡವುವುದು ಇಂಥ ಸ್ಥಳದಲ್ಲಿಯೇ. ಸಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ತಪ್ಪು ಚೌಕಳಿಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಇಡೀ ಚೌಕಳಿಯನ್ನು ಒಟ್ಟಾಗಿ ನೋಡಿದಾಗ ಮಾತ್ರ ದೋಷ ಹೊರಬೀಳುತ್ತದೆ.

## ಏಕೈಕ ಉತ್ತರ

ಸರಿಯಾಗಿ ರಚಿಸಿದ ಹಿಟೋರಿಗೆ ಒಂದೇ ಉತ್ತರವಿರುತ್ತದೆ. ಮರುಕಳಿಸದ ಸಂಖ್ಯೆಯನ್ನು ಕಪ್ಪು ಮಾಡಬಾರದೆಂದು ನಿಯಮಗಳಲ್ಲಿ ಹೇಳಿಲ್ಲ. ಆದರೆ ಉತ್ತರ ಒಂದೇ ಎಂಬುದರಿಂದ ಅದು ತಾನಾಗಿ ಸಿದ್ಧವಾಗುತ್ತದೆ. ಒಂದು ಉತ್ತರದಲ್ಲಿ ಅಂಥ ಮನೆ ಕಪ್ಪಾಗಿದೆ ಎಂದಿಟ್ಟುಕೊಳ್ಳೋಣ. ಅದನ್ನು ಮತ್ತೆ ಬಿಳಿ ಮಾಡಿದರೆ ಸಂಖ್ಯೆ ಮರುಕಳಿಸುವುದಿಲ್ಲ. ಕಪ್ಪು ಮನೆಗಳು ಹೊಸದಾಗಿ ತಾಗುವುದೂ ಇಲ್ಲ. ಅದರ ನೆರೆಮನೆಗಳೆಲ್ಲ ಬಿಳಿಯಾಗಿರುವುದರಿಂದ ಅದು ಬಿಳಿಯ ಗುಂಪಿಗೆ ಸೇರಿಕೊಳ್ಳುತ್ತದೆ. ಹೀಗೆ ಎರಡನೆಯ ಉತ್ತರ ದೊರೆತು, ಒಗಟು ದೋಷಪೂರ್ಣವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ (1,1) ಮತ್ತು (1,5)ನ್ನು ಬಿಳಿಯೆಂದು ತಿಳಿದದ್ದು ಈ ತರ್ಕದಿಂದ. ಉತ್ತರ ಒಂದೇ ಎಂಬ ಭರವಸೆ ಇಲ್ಲದ ಒಗಟಿನಲ್ಲಿ ಈ ಉಪಾಯವನ್ನು ಬಳಸುವಂತಿಲ್ಲ.

ಒಗಟನ್ನು ರಚಿಸುವಾಗ ಹಿಮ್ಮುಖವಾಗಿ ಸಾಗಬಹುದು. ಮೊದಲು ಎರಡನೆಯ ಮತ್ತು ಮೂರನೆಯ ನಿಯಮಕ್ಕೆ ಹೊಂದುವಂತೆ ಕಪ್ಪು ಮನೆಗಳನ್ನು ಆರಿಸಿ, ಬಿಳಿಯ ಮನೆಗಳಲ್ಲಿ ಮರುಕಳಿಸದಂತೆ ಸಂಖ್ಯೆಗಳನ್ನು ಇಡಲಾಗುತ್ತದೆ. ಕೊನೆಗೆ ಕಪ್ಪು ಮನೆಗಳಲ್ಲಿ ಅವುಗಳ ಸಾಲಿನ ಬಿಳಿ ಸಂಖ್ಯೆಗಳನ್ನೇ ಮತ್ತೆ ಬರೆದು, ಉತ್ತರ ಒಂದೇ ಇದೆಯೇ ಎಂದು ಬಿಡಿಸಿ ನೋಡಲಾಗುತ್ತದೆ.

## ಗಣನಾ ಸಂಕೀರ್ಣತೆ

ಕೊಟ್ಟ ಉತ್ತರ ಸರಿಯೇ ಎಂದು ಪರೀಕ್ಷಿಸುವುದು ಗಣಕಕ್ಕೆ ಸುಲಭ. ಸಂಪರ್ಕವನ್ನು ನೋಡಲು ಯಾವುದಾದರೊಂದು ಬಿಳಿ ಮನೆಯಿಂದ ಹೊರಟು, ನೆರೆಯ ಬಿಳಿ ಮನೆಗಳಿಗೆ ಹಬ್ಬುತ್ತ ಹೋಗಿ, ತಲುಪಿದ ಮನೆಗಳನ್ನು ಎಣಿಸಬೇಕು. ಈ ಎಣಿಕೆ ಒಟ್ಟು ಬಿಳಿ ಮನೆಗಳ ಸಂಖ್ಯೆಗೆ ಸಮನಾದರೆ ನಿಯಮ ಪಾಲನೆಯಾಗಿದೆ. ಮೇಲಿನ ಸರಿಯುತ್ತರದಲ್ಲಿ ಎಲ್ಲಿಂದ ಹೊರಟರೂ 18 ಮನೆಗಳು ಸಿಗುತ್ತವೆ.

ಉತ್ತರವನ್ನು ಹುಡುಕುವುದು ಬೇರೆಯೇ ಮಾತು. ಎಷ್ಟು ದೊಡ್ಡ ಚೌಕಳಿಯನ್ನಾದರೂ ಕೊಡಬಹುದಾದ ಸಾಮಾನ್ಯ ರೂಪದಲ್ಲಿ, ಒಂದು ಹಿಟೋರಿಗೆ ಉತ್ತರವಿದೆಯೇ ಎಂದು ನಿರ್ಧರಿಸುವ ಸಮಸ್ಯೆ ಎನ್‌ಪಿ-ಪೂರ್ಣ ವರ್ಗಕ್ಕೆ ಸೇರಿದೆ. ರಾಬರ್ಟ್ ಹರ್ನ್ ಮತ್ತು ಎರಿಕ್ ಡಿಮೇನ್ 2009ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ಸಾಧಿಸಿ ತೋರಿಸಿದ್ದಾರೆ. ಚೌಕಳಿಯ ಗಾತ್ರ ಬೆಳೆದಂತೆ ಎಲ್ಲ ಹಿಟೋರಿಗಳನ್ನೂ ಶೀಘ್ರವಾಗಿ ಬಿಡಿಸುವ ಕ್ರಮವಿಧಿ ಯಾವುದೂ ಇದುವರೆಗೆ ತಿಳಿದಿಲ್ಲವೆಂಬುದು ಇದರ ತಾತ್ಪರ್ಯ. ಪತ್ರಿಕೆಗಳಲ್ಲಿ ಬರುವ ಚಿಕ್ಕ ಚೌಕಳಿಗಳನ್ನು ಮಾತ್ರ ಗಣಕವು ಕ್ಷಣಮಾತ್ರದಲ್ಲಿ ಬಿಡಿಸಬಲ್ಲದು.