ಕೃಷಿ ಪ್ರವೇಶ ಪರೀಕ್ಷೆಯ ಕಿರುಪ್ರಶ್ನೆಗಳು: ಮಣ್ಣಿನ ನೀರಿನಿಂದ ಇಳುವರಿ ಸೂಚ್ಯಂಕದವರೆಗೆ

ಕೃಷಿ ಪದವಿ ಮತ್ತು ಸ್ನಾತಕೋತ್ತರ ಕೋರ್ಸುಗಳ ಅಖಿಲ ಭಾರತ ಪ್ರವೇಶ ಪರೀಕ್ಷೆಯನ್ನು ಮೊದಲು ಭಾರತೀಯ ಕೃಷಿ ಸಂಶೋಧನಾ ಪರಿಷತ್ತೇ ನಡೆಸುತ್ತಿತ್ತು. 2019ರಿಂದ ಆ ಕೆಲಸ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಗೆ ಬಂತು. ಪರೀಕ್ಷೆಯ ಹೆಸರು ಮತ್ತು ನಡೆಸುವವರು ಬದಲಾದರೂ ಬೇಸಾಯಶಾಸ್ತ್ರ ಮತ್ತು ಮಣ್ಣು ವಿಜ್ಞಾನದ ಕಿರುಪ್ರಶ್ನೆಗಳ ತಿರುಳು ಹೆಚ್ಚು ಬದಲಾಗಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ವರ್ಷವಾರು ಓದಿದರೆ ಇದು ಕಾಣುವುದಿಲ್ಲ. ಅಧ್ಯಾಯವಾರು ವಿಂಗಡಿಸಿ ಒಂದೆಡೆ ಬರೆದುಕೊಂಡರೆ, ಪ್ರತಿ ಅಧ್ಯಾಯದ ಪ್ರಶ್ನೆಗಳೂ ಕೆಲವೇ ವ್ಯಾಖ್ಯೆಗಳ ಸುತ್ತ ತಿರುಗುತ್ತಿರುವುದು ಗೊತ್ತಾಗುತ್ತದೆ. ಆ ವ್ಯಾಖ್ಯೆಗಳು ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಹೀಗಾಗಿ ವ್ಯಾಖ್ಯೆಯ ಜೊತೆಗೆ ಅದರ ಷರತ್ತು, ಏಕಮಾನ ಮತ್ತು ಕಾಲವನ್ನೂ ಬರೆದಿಟ್ಟುಕೊಳ್ಳುವುದು ಅಗತ್ಯ.

ಇದಕ್ಕೆ ಅತ್ಯುತ್ತಮ ಉದಾಹರಣೆ ಮಣ್ಣಿನ ನೀರಿನ ಅಧ್ಯಾಯ. ಅಮೆರಿಕದ ಬ್ರಿಗ್ಸ್ ಮತ್ತು ಶಾಂಟ್ಜ್ 1912ರಲ್ಲಿ ಗಿಡಗಳು ಬಾಡುವ ಹಂತದಲ್ಲಿ ಮಣ್ಣಿನಲ್ಲಿ ಉಳಿದಿರುವ ನೀರನ್ನು ಅಳೆದರು. ಅದು ಬೆಳೆಗಿಂತ ಮಣ್ಣಿನ ಗುಣವನ್ನೇ ಹೆಚ್ಚು ಅವಲಂಬಿಸಿದೆ ಎಂಬುದು ಅವರ ತೀರ್ಮಾನ. 1931ರಲ್ಲಿ ವೈಮೆಯರ್ ಮತ್ತು ಹೆಂಡ್ರಿಕ್ಸನ್ ಕ್ಷೇತ್ರ ಸಾಮರ್ಥ್ಯಕ್ಕೆ ವ್ಯಾಖ್ಯೆ ಕೊಟ್ಟರು. 1935ರಲ್ಲಿ ಸ್ಕೋಫೀಲ್ಡ್ ನೀರಿನ ಹಿಡಿತವನ್ನು ಲಾಗರಿದಮ್‌ನಲ್ಲಿ ಹೇಳುವ ಪಿ.ಎಫ್. ಮಾಪನ ತಂದರು. 1940ರ ದಶಕದಲ್ಲಿ ರಿಚರ್ಡ್ಸ್ ಅವರ ಒತ್ತಡ ಉಪಕರಣದ ಕೆಲಸದಿಂದ ಬಾಡುವ ಬಿಂದುವಿಗೆ 15 ವಾತಾವರಣ ಒತ್ತಡ ಎಂಬ ಅಂಕಿ ಗಟ್ಟಿಯಾಯಿತು. ಹೀಗಾಗಿ ಒಂದೇ ಬಿಂದುವನ್ನು ಪ್ರಶ್ನೆಗಳು ಮೂರು ವೇಷಗಳಲ್ಲಿ ಕೇಳುತ್ತವೆ: 15 ಬಾರ್, 1500 ಕಿಲೋಪ್ಯಾಸ್ಕಲ್, ಪಿ.ಎಫ್. 4.2. ಕ್ಷೇತ್ರ ಸಾಮರ್ಥ್ಯವೂ ಹಾಗೆಯೇ: ಮೂರನೇ ಒಂದು ಬಾರ್, 33 ಕಿಲೋಪ್ಯಾಸ್ಕಲ್, ಪಿ.ಎಫ್. ಸುಮಾರು 2.5. ಮರಳು ಹೆಚ್ಚಿರುವ ಮಣ್ಣಿಗೆ ಮಾತ್ರ 0.1 ಬಾರ್ ಹಿಡಿಯುವುದು ರೂಢಿ. ಈ ಅಪವಾದ ಮರೆತರೆ ಕೆಂಪು ಮರಳು ಮಣ್ಣಿನ ಪ್ರಶ್ನೆಯಲ್ಲಿ ಅಂಕ ಹೋಗುತ್ತದೆ.

ವ್ಯಾಖ್ಯೆ ಚಿಕ್ಕದಾಗಿರಬೇಕು, ಆದರೆ ಷರತ್ತು ಬಿಡಬಾರದು. “ಕ್ಷೇತ್ರ ಸಾಮರ್ಥ್ಯ ಎಂದರೆ ಮಣ್ಣು ಹಿಡಿದಿಡುವ ನೀರು” ಎಂಬುದು ಅರ್ಧ ಉತ್ತರ. ಬಾಡುವ ಬಿಂದುವಿನಲ್ಲೂ ಮಣ್ಣು ನೀರು ಹಿಡಿದಿರುತ್ತದೆ. “ಚೆನ್ನಾಗಿ ನೆನೆದ ಮಣ್ಣಿನಿಂದ ಹೆಚ್ಚುವರಿ ನೀರು ಬಸಿದು, ಕೆಳಮುಖ ಹರಿವು ಬಹುತೇಕ ನಿಂತ ಮೇಲೆ, ಸಾಮಾನ್ಯವಾಗಿ 2–3 ದಿನಗಳ ನಂತರ, ಮಣ್ಣಿನಲ್ಲಿ ಉಳಿಯುವ ನೀರಿನ ಪ್ರಮಾಣ” ಎಂದರೆ ಪೂರ್ಣ. ಶಾಶ್ವತ ಬಾಡುವ ಬಿಂದುವಿಗೂ ಒಂದು ಷರತ್ತಿದೆ: ತೇವ ತುಂಬಿದ ಗಾಳಿಯಲ್ಲಿಟ್ಟರೂ ಗಿಡ ಚೇತರಿಸಿಕೊಳ್ಳಬಾರದು. ಮಧ್ಯಾಹ್ನ ಬಾಡಿ ಸಂಜೆ ತಲೆಯೆತ್ತುವ ಗಿಡ ಆ ಬಿಂದು ಮುಟ್ಟಿಲ್ಲ. ಪರೀಕ್ಷಕ ಗಿಡವಾಗಿ ಸೂರ್ಯಕಾಂತಿಯನ್ನು ಬಳಸುತ್ತಾರೆ ಎಂಬುದೂ ಈ ಅಧ್ಯಾಯದ ಹಳೆಯ ಒಂದಂಕದ ಪ್ರಶ್ನೆ.

ಇವೆರಡರ ನಡುವಿನ ನೀರೇ ಬೆಳೆಗೆ ಲಭ್ಯ ನೀರು. ಲೆಕ್ಕದ ಪ್ರಶ್ನೆ ಹುಟ್ಟುವುದು ಇಲ್ಲೇ. ತೂಕದ ಆಧಾರದಲ್ಲಿ ಕ್ಷೇತ್ರ ಸಾಮರ್ಥ್ಯ ಶೇ. 26, ಬಾಡುವ ಬಿಂದು ಶೇ. 12, ಗಾತ್ರ ಸಾಂದ್ರತೆ ಪ್ರತಿ ಘನ ಸೆಂ.ಮೀ.ಗೆ 1.4 ಗ್ರಾಂ, ಬೇರು ವಲಯದ ಆಳ 30 ಸೆಂ.ಮೀ. ಎಂದಿರಲಿ. ವ್ಯತ್ಯಾಸ ಶೇ. 14. ಅದನ್ನು 100ರಿಂದ ಭಾಗಿಸಿ 1.4ರಿಂದಲೂ 30ರಿಂದಲೂ ಗುಣಿಸಿದರೆ 5.88 ಸೆಂ.ಮೀ. ನೀರು ಬರುತ್ತದೆ. ಸಾಂದ್ರತೆಯನ್ನು ಮರೆತವರಿಗೆ 4.2 ಸೆಂ.ಮೀ. ಸಿಗುತ್ತದೆ, ಆ ಅಂಕಿಯೂ ಆಯ್ಕೆಗಳಲ್ಲಿ ಕಾದಿರುವ ಸಾಧ್ಯತೆ ಹೆಚ್ಚು. ತೇವಾಂಶವನ್ನು ಗಾತ್ರದ ಆಧಾರದಲ್ಲೇ ಕೊಟ್ಟಿದ್ದರೆ ಸಾಂದ್ರತೆಯಿಂದ ಗುಣಿಸುವುದೇ ತಪ್ಪು. ಆದ್ದರಿಂದ “ತೂಕದ ಆಧಾರ”, “ಗಾತ್ರದ ಆಧಾರ” ಎಂಬ ಪದಗಳನ್ನು ಮೊದಲು ಹುಡುಕಬೇಕು.

ಸಮಸ್ಯಾತ್ಮಕ ಮಣ್ಣುಗಳ ಅಧ್ಯಾಯ ನಿಂತಿರುವುದು ಅಮೆರಿಕದ ಲವಣ ಮಣ್ಣು ಪ್ರಯೋಗಾಲಯ 1954ರಲ್ಲಿ ಪ್ರಕಟಿಸಿದ ಕೈಪಿಡಿಯ ಮೇಲೆ. ವಿದ್ಯುತ್ ವಾಹಕತೆಗೆ 4, ವಿನಿಮಯ ಸೋಡಿಯಂಗೆ ಶೇ. 15, ರಸಸಾರಕ್ಕೆ 8.5 ಎಂಬ ಗಡಿಗಳು ಅಲ್ಲಿಂದ ಬಂದವು. ವಾಹಕತೆ 4ಕ್ಕಿಂತ ಹೆಚ್ಚಿದ್ದು ಸೋಡಿಯಂ 15ಕ್ಕಿಂತ ಕಡಿಮೆಯಿದ್ದರೆ ಅದು ಲವಣ ಮಣ್ಣು. ವಾಹಕತೆ 2, ಸೋಡಿಯಂ ಶೇ. 28, ರಸಸಾರ 9.2 ಎಂದಿದ್ದರೆ ಅದು ಕ್ಷಾರ ಮಣ್ಣು, ಜಿಪ್ಸಂ ಬೇಕು. ವಾಹಕತೆ 6, ಸೋಡಿಯಂ ಶೇ. 20 ಎಂದಿದ್ದರೆ ಎರಡೂ ದೋಷಗಳಿವೆ. ಇಂಥ ಮಣ್ಣಿಗೆ ಜಿಪ್ಸಂ ಹಾಕದೆ ಬರೀ ಒಳ್ಳೆಯ ನೀರು ಹಾಯಿಸಿ ಉಪ್ಪು ತೊಳೆದರೆ ಸೋಡಿಯಂ ಹಾಗೇ ಉಳಿದು ಮಣ್ಣು ಕ್ಷಾರವಾಗುತ್ತದೆ, ಕಣಗಳು ಚದುರಿ ನೀರು ಇಂಗದಂತಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಕಪ್ಪು ಮಣ್ಣಿನಲ್ಲಿ ಸವಳು ಕಂಡವರಿಗೆ ಇದು ಪುಸ್ತಕದ ಮಾತಲ್ಲ. ಇನ್ನೊಂದು ಸೂಕ್ಷ್ಮವಿದೆ. 4 ಎಂಬ ಗಡಿ ಅನ್ವಯಿಸುವುದು ಪೂರ್ಣ ನೆನೆಸಿದ ಮಣ್ಣಿನಿಂದ ಹಿಂಡಿದ ದ್ರಾವಣಕ್ಕೆ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದ ವಾಹಕತೆ ಅದಕ್ಕಿಂತ ಕಡಿಮೆ ತೋರಿಸುತ್ತದೆ. ಆ ಅಂಕಿಯನ್ನು 4ರ ಗಡಿಗೆ ಹೋಲಿಸಬಾರದು.

ಕಾಲ ನೋಡಿ ಉತ್ತರಿಸಬೇಕಾದ ಪ್ರಶ್ನೆಗಳು ಪೋಷಕಾಂಶ ಮತ್ತು ವರ್ಗೀಕರಣದ ಅಧ್ಯಾಯಗಳಲ್ಲಿವೆ. ಅರ್ನಾನ್ ಮತ್ತು ಸ್ಟೌಟ್ 1939ರಲ್ಲಿ ಅವಶ್ಯಕ ಧಾತುವಿಗೆ ಮೂರು ಷರತ್ತು ವಿಧಿಸಿದರು: ಅದಿಲ್ಲದೆ ಗಿಡದ ಜೀವನಚಕ್ರ ಮುಗಿಯಬಾರದು, ಅದರ ಕೊರತೆ ಬೇರೊಂದು ಧಾತುವಿನಿಂದ ನೀಗಬಾರದು, ಗಿಡದ ಪೋಷಣೆಯಲ್ಲಿ ಅದಕ್ಕೆ ನೇರ ಪಾತ್ರವಿರಬೇಕು. ಭತ್ತಕ್ಕೆ ಸಿಲಿಕಾನ್ ಎಷ್ಟೇ ಉಪಕಾರಿಯಾದರೂ ಪಟ್ಟಿಗೆ ಸೇರದಿರಲು ಮೊದಲ ಷರತ್ತೇ ಕಾರಣ. 1954ರಲ್ಲಿ ಕ್ಲೋರಿನ್ ಸೇರಿ ಪಟ್ಟಿ 16 ಆಯಿತು, 1987ರಲ್ಲಿ ನಿಕಲ್‌ನ ಅಗತ್ಯ ಸಾಬೀತಾದ ಮೇಲೆ 17. ಹಳೆಯ ಗೈಡುಗಳಲ್ಲಿ 16 ಎಂದೇ ಇರುತ್ತದೆ. ಅಮೆರಿಕದ ಮಣ್ಣು ವರ್ಗೀಕರಣದಲ್ಲೂ 1975ರಲ್ಲಿ 10 ಗಣಗಳಿದ್ದವು, ಆಂಡಿಸಾಲ್ ಮತ್ತು ಜೆಲಿಸಾಲ್ ಸೇರಿ ಈಗ 12. ಕಪ್ಪು ಮಣ್ಣು ವರ್ಟಿಸಾಲ್, ನಮ್ಮ ಕೆಂಪು ಮಣ್ಣಿನ ಬಹುಭಾಗ ಆಲ್ಫಿಸಾಲ್ ಎಂಬುದು ಬದಲಾಗಿಲ್ಲ.

ಬೇಸಾಯಶಾಸ್ತ್ರದಲ್ಲಿ ವ್ಯಾಖ್ಯೆಗಳು ಹೆಚ್ಚಾಗಿ ಅನುಪಾತಗಳು, ಅಲ್ಲಿ ಛೇದವೇ ಮುಖ್ಯ. ವಾಟ್ಸನ್ 1947ರಲ್ಲಿ ಕೊಟ್ಟ ಎಲೆ ವಿಸ್ತೀರ್ಣ ಸೂಚ್ಯಂಕದಲ್ಲಿ ಎಲೆಯ ಒಂದು ಬದಿಯ ವಿಸ್ತೀರ್ಣವನ್ನು ಅದು ಆವರಿಸಿದ ನೆಲದ ವಿಸ್ತೀರ್ಣದಿಂದ ಭಾಗಿಸಲಾಗುತ್ತದೆ, ಅದಕ್ಕೆ ಏಕಮಾನವಿಲ್ಲ. ಇಳುವರಿ ಸೂಚ್ಯಂಕದಲ್ಲಿ ಕಾಳಿನ ಇಳುವರಿಯನ್ನು ಭಾಗಿಸಬೇಕಾದದ್ದು ಒಟ್ಟು ಜೈವಿಕ ಇಳುವರಿಯಿಂದ. ಹೆಕ್ಟೇರಿಗೆ 4 ಟನ್ ಕಾಳು, 6 ಟನ್ ಹುಲ್ಲು ಬಂದಿದ್ದರೆ ಉತ್ತರ ಶೇ. 40. ಹುಲ್ಲಿನಿಂದ ಭಾಗಿಸಿದರೆ ಬರುವ ಶೇ. 66.7 ತಪ್ಪು. ಮಿಶ್ರ ಬೆಳೆ ಮತ್ತು ಅಂತರ ಬೆಳೆಗಳ ಭೇದವೂ ಒಂದೇ ಪದದಲ್ಲಿದೆ: ಅಂತರ ಬೆಳೆಗೆ ನಿರ್ದಿಷ್ಟ ಸಾಲು ವ್ಯವಸ್ಥೆ ಇರುತ್ತದೆ, ಬೀಜ ಬೆರೆಸಿ ಚೆಲ್ಲಿದ ಮಿಶ್ರ ಬೆಳೆಗೆ ಇರುವುದಿಲ್ಲ. ಉತ್ತರದಲ್ಲಿ “ಸಾಲು” ಎಂಬ ಪದ ಇಲ್ಲದಿದ್ದರೆ ವ್ಯಾಖ್ಯೆ ಅಪೂರ್ಣ.