ಊರ ಹೆಸರು ಎಲ್ಲಿ ಬರೆಯಬೇಕು?

ಹೋದ ತಿಂಗಳು ಮೈಸೂರಿನ ಒಬ್ಬ ವಾಷಿಂಗ್ ಮಷೀನ್ ರಿಪೇರಿಯವರು ತಮ್ಮ ವೆಬ್‌ಸೈಟ್ ತೋರಿಸಲು ಬಂದಿದ್ದರು. ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ನಲವತ್ತು ಊರುಗಳ ಹೆಸರು ಸಾಲಾಗಿ ಇದ್ದವು. ಮಂಡ್ಯ, ಮಡಿಕೇರಿ, ಹಾಸನ, ಕೊನೆಗೆ ಊಟಿ ಕೂಡ. ಊಟಿಗೆ ಒಮ್ಮೆಯಾದರೂ ಹೋಗಿ ಮಷೀನ್ ಬಿಚ್ಚಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಸೈಟ್ ಮಾಡಿಕೊಟ್ಟವರು ‘ಹೆಚ್ಚು ಊರು ಹಾಕಿದಷ್ಟು ಹೆಚ್ಚು ಫೋನ್ ಬರುತ್ತೆ’ ಎಂದಿದ್ದರಂತೆ. ಅಂಗಡಿಗಳನ್ನು ಗೂಗಲ್ ಹುಡುಕಾಟದಲ್ಲಿ ಮೇಲೆ ತರುವ ಕೆಲಸದಲ್ಲಿ ಹದಿನೈದು ವರ್ಷದಿಂದ ಇರುವ ನನಗೆ ಈ ಮಾತು ಇನ್ನೂ ಚಲಾವಣೆಯಲ್ಲಿರುವುದು ನೋಡಿ ಬೇಸರವಾಯಿತು. ಈ ವಿದ್ಯೆ ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ಬರೆಯಲು ಕೂತದ್ದು ಅದಕ್ಕೇ.

ಮೊದಲ ಕಾಲದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪುಟದ ತಲೆಭಾಗದಲ್ಲಿ `meta keywords` ಎಂಬ ಸಾಲೊಂದಿರುತ್ತಿತ್ತು, ಅದರಲ್ಲಿ ಊರ ಹೆಸರುಗಳನ್ನು ತುರುಕುತ್ತಿದ್ದರು. ಆ ಸಾಲನ್ನು ಶ್ರೇಯಾಂಕಕ್ಕೆ ಬಳಸುವುದೇ ಇಲ್ಲ ಎಂದು ಗೂಗಲ್ 2009ರಲ್ಲಿ ಬಹಿರಂಗವಾಗಿಯೇ ಹೇಳಿತು. `geo.placename`, `geo.position` ಎಂಬ ಸಾಲುಗಳೂ ಇದ್ದವು, ಅವುಗಳಿಂದ ಯಾವ ಅಂಗಡಿಗೂ ಗಿರಾಕಿ ಬಂದದ್ದನ್ನು ನಾನು ಕಾಣಲಿಲ್ಲ. ಇಂದಿಗೂ ಇವನ್ನು ಹಾಕಿಕೊಟ್ಟು ಹಣ ಪಡೆಯುವವರಿದ್ದಾರೆ.

ನಮ್ಮ ತಲೆಮಾರು ಕಣ್ಣು ಬಿಟ್ಟದ್ದು 2011-12ರ ಹೊತ್ತಿಗೆ. 2011ರ ಜೂನ್‌ನಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ schema.org ಶುರುಮಾಡಿದವು. ಇದು ಅಂಗಡಿ, ಇದು ವಿಳಾಸ ಎಂದು ಯಂತ್ರಕ್ಕೆ ತಿಳಿಯುವಂತೆ ಬರೆಯುವ ಒಂದು ಸಾಮಾನ್ಯ ಪದಕೋಶ ಆಗ ಸಿಕ್ಕಿತು. ಮರುವರ್ಷ ಗೂಗಲ್ ಹುಡುಕುವವರು ನಿಂತ ಜಾಗ ನೋಡಿ ಸಾಮಾನ್ಯ ಫಲಿತಾಂಶಗಳನ್ನೂ ಬದಲಿಸತೊಡಗಿತು. ಊರ ಹೆಸರು ಟೈಪ್ ಮಾಡದಿದ್ದರೂ ಊರಿನ ಅಂಗಡಿ ಮೇಲೆ ಬರುವ ಕಾಲ ಅದು.

ಅದೇ ಹುಮ್ಮಸ್ಸಿನಲ್ಲಿ ನಾನೂ ಒಂದು ತಪ್ಪು ಮಾಡಿದೆ. ಒಬ್ಬ ಫ್ರಿಜ್ ರಿಪೇರಿಯವರಿಗೆ ಮೂವತ್ತು ಪುಟ ಮಾಡಿಕೊಟ್ಟೆ. ಒಂದೊಂದಕ್ಕೂ ಒಂದೊಂದು ಊರಿನ ಹೆಸರು, ಒಳಗಿನ ಮಾತೆಲ್ಲ ಒಂದೇ. ವರ್ಷವೊಂದು ಚೆನ್ನಾಗಿಯೇ ನಡೆಯಿತು. 2015ರ ಮಾರ್ಚ್‌ನಲ್ಲಿ ಗೂಗಲ್ ಇಂಥ ‘ಡೋರ್‌ವೇ’ ಪುಟಗಳ ಮೇಲೆ ಬಿಗಿ ಮಾಡುವುದಾಗಿ ಘೋಷಿಸಿತು, ಆಮೇಲೆ ಒಂದೊಂದಾಗಿ ಮೂವತ್ತೂ ಮಾಯವಾದವು. ಊರುಗಳ ಪಟ್ಟಿಯನ್ನೇ ಪುಟದಲ್ಲಿ ಸುರಿಯುವುದನ್ನೂ ಗೂಗಲ್ ತನ್ನ ಸ್ಪ್ಯಾಮ್ ನಿಯಮದಲ್ಲಿ ಹೆಸರಿಟ್ಟು ಹೇಳಿದೆ. ಊಟಿಯವರೆಗೆ ಹೋದ ಆ ಸಣ್ಣಕ್ಷರದ ಸಾಲು ಆ ನಿಯಮಕ್ಕೆ ನೇರ ಸಿಗುವಂಥದ್ದು.

ಆ ಪೆಟ್ಟಿನ ನಂತರ ನಾವು ಕೆಲವರು ಹಿಡಿದ ದಾರಿ ಬೇರೆ. ಯಾವ ಊರಿನಲ್ಲಿ ನಿಜವಾಗಿ ಕೆಲಸ ಮಾಡಿದ್ದೇವೋ ಆ ಊರಿಗೆ ಮಾತ್ರ ಪುಟ, ಅದರಲ್ಲಿ ಆ ಊರಿನದೇ ವಿಷಯ. ಮೇಲೆ ಹೇಳಿದ ಮೈಸೂರಿನವರಿಗೆ ಮಾಡಿದ್ದೂ ಇದನ್ನೇ. ಅವರ ಕಂಪ್ಲೇಂಟ್ ಪುಸ್ತಕ ತರಿಸಿದೆ. ಒಂದು ವರ್ಷದ ನಮೂದುಗಳಲ್ಲಿ ಬಹುಪಾಲು ಕುವೆಂಪುನಗರ ಮತ್ತು ರಾಮಕೃಷ್ಣನಗರದವು, ಊರಾಚೆ ನಂಜನಗೂಡು ಮತ್ತು ಶ್ರೀರಂಗಪಟ್ಟಣ. ನಲವತ್ತು ಊರು ಎರಡಕ್ಕಿಳಿಯಿತು. ನಂಜನಗೂಡಿನ ಪುಟದಲ್ಲಿ ವಾರದಲ್ಲಿ ಯಾವ ದಿನ ಅಲ್ಲಿಗೆ ಹೋಗುತ್ತಾರೆ, ಭೇಟಿಗೆ ಎಷ್ಟು ತೆಗೆದುಕೊಳ್ಳುತ್ತಾರೆ, ಅಲ್ಲಿನ ಬೋರ್‌ವೆಲ್ ನೀರಿನಿಂದ ಡ್ರಮ್ಮಿನಲ್ಲಿ ಕೂರುವ ಸುಣ್ಣದ ಪದರದ ಫೋಟೊ, ಇಷ್ಟು ಬಂತು. ಶೀರ್ಷಿಕೆ `Washing Machine Repair in Nanjangud`, ಪಕ್ಕದಲ್ಲಿ ಅಂಗಡಿ ಹೆಸರು, ಅಷ್ಟೆ. ಶೀರ್ಷಿಕೆಯಲ್ಲಿ ಊರುಗಳನ್ನು ಪೋಣಿಸಿದರೆ ಗೂಗಲ್ ಅದನ್ನು ಬಿಟ್ಟು ತನಗೆ ತೋಚಿದ್ದನ್ನು ತೋರಿಸಬಹುದು. ಆಮೇಲೆ ಈ ತುಣುಕು:

```json
{
  "@context": "https://schema.org",
  "@type": "LocalBusiness",
  "name": "ಅಂಗಡಿ ಹೆಸರು",
  "areaServed": [
    {"@type": "City", "name": "Mysuru",
     "alternateName": ["Mysore", "ಮೈಸೂರು"]},
    {"@type": "City", "name": "Nanjangud",
     "alternateName": ["Nanjangudu", "ನಂಜನಗೂಡು"]}
  ]
}
```

ಇದಕ್ಕೆ ವಿಳಾಸ, ಫೋನ್ ಸೇರಬೇಕು. `areaServed` ಬರೆದ ಮಾತ್ರಕ್ಕೆ ಮೇಲೇರುತ್ತೇವೆ ಎಂದುಕೊಳ್ಳಬಾರದು. ಸ್ಥಳೀಯ ವ್ಯಾಪಾರಗಳಿಗೆಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಕೊಟ್ಟಿರುವ ಪಟ್ಟಿಯಲ್ಲಿ ಅದು ಇಲ್ಲ. ಪುಟದಲ್ಲಿ ಓದುಗರಿಗೆ ಕಾಣುವ ಮಾತನ್ನೇ ಯಂತ್ರಕ್ಕೂ ಗೊಂದಲವಿಲ್ಲದಂತೆ ಹೇಳುವುದು ಅದರ ಕೆಲಸ. ಪುಟದಲ್ಲಿ ಇಲ್ಲದ ಊರು ಅದರಲ್ಲೂ ಇರಕೂಡದು.

ನಕ್ಷೆಯ ಜೊತೆ ಬರುವ ಪಟ್ಟಿಯ ಲೆಕ್ಕ ಬೇರೆ. ಅದು ಇಂದಿನ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಬರುತ್ತದೆ. ಅಲ್ಲಿ ಸೇವಾ ಪ್ರದೇಶವಾಗಿ 20 ಊರು ಅಥವಾ ಪಿನ್‌ಕೋಡ್ ಹಾಕಬಹುದು, ಒಟ್ಟು ವ್ಯಾಪ್ತಿ ಸುಮಾರು ಎರಡು ಗಂಟೆ ಪ್ರಯಾಣ ಮೀರಬಾರದು. ಮನೆಮನೆಗೆ ಹೋಗಿ ಪಾಠ ಹೇಳುವ ಟ್ಯೂಷನ್ ಮೇಷ್ಟರು ತಮ್ಮ ಮನೆ ವಿಳಾಸವನ್ನು ಮರೆಮಾಡಬೇಕು. ಮರೆಮಾಡಿದರೂ ಗೂಗಲ್ ದೂರವನ್ನು ಅಳೆಯುವುದು ಪರಿಶೀಲನೆಗೆ ಕೊಟ್ಟ ವಿಳಾಸದಿಂದಲೇ ಎಂಬುದು ನಮ್ಮೆಲ್ಲರ ಅನುಭವ. ಕುವೆಂಪುನಗರದ ಅಂಗಡಿ ಪಟ್ಟಿಗೆ ನಂಜನಗೂಡು ಸೇರಿಸಿದ ಕೂಡಲೇ ನಂಜನಗೂಡಿನ ನಕ್ಷೆಯಲ್ಲಿ ಮೇಲೆ ಬರುವುದಿಲ್ಲ. ಇದಕ್ಕೆ ಉಪಾಯವೆಂದು ವ್ಯಾಪಾರದ ಹೆಸರಿಗೇ ಊರು ಅಂಟಿಸುವವರಿದ್ದಾರೆ. ಬೋರ್ಡಿನ ಮೇಲೆ ಇಲ್ಲದ ಹೆಸರು ಪ್ರೊಫೈಲಿನಲ್ಲಿದ್ದರೆ ಪ್ರೊಫೈಲೇ ಅಮಾನತಾಗಬಹುದು, ಅದರೊಂದಿಗೆ ವರ್ಷಗಳ ರಿವ್ಯೂಗಳೂ ಕಾಣದಾಗಬಹುದು. ಊರಾಚೆಯ ಗಿರಾಕಿಗೆ ಉಳಿದಿರುವ ಪ್ರಾಮಾಣಿಕ ದಾರಿ ಆ ಊರಿನ ಪುಟವೊಂದೇ.

ಪುಟ ಕೆಲಸ ಮಾಡುತ್ತಿದೆಯೇ ಎಂದು ಅಂಗಡಿಯಲ್ಲೇ ಕೂತು ಹುಡುಕಿ ನೋಡುವುದರಿಂದ ಪ್ರಯೋಜನವಿಲ್ಲ. ಅಲ್ಲಿಂದ ಹುಡುಕಿದರೆ ನಿಮ್ಮ ಅಂಗಡಿ ಹೇಗೂ ಮೇಲೇ ಬರುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ಊರ ಹೆಸರಿರುವ ಹುಡುಕಾಟಗಳನ್ನಷ್ಟೇ ಸೋಸಿ, ಆ ಊರಿನ ಪುಟ ಎಷ್ಟು ಬಾರಿ ಕಾಣಿಸಿತು, ಎಷ್ಟು ಜನ ಒತ್ತಿದರು ಎಂದು ತಿಂಗಳಿಗೊಮ್ಮೆ ನೋಡಬೇಕು. ಊರಿನ ಪುಟದ ಬದಲು ಮುಖಪುಟವೇ ಕಾಣಿಸುತ್ತಿದ್ದರೆ, ಊರಿನ ಪುಟದಲ್ಲಿ ಊರಿನದೇನೂ ಇಲ್ಲ ಎಂದರ್ಥ ಮಾಡಿಕೊಳ್ಳಿ.

ಈ ವಿದ್ಯೆಯ ಬಗ್ಗೆ ಇಷ್ಟೆಲ್ಲ ಹೇಳುವ ಪುಸ್ತಕಗಳು, ಪಾಠಗಳು ನಮ್ಮ ಹೆಸರುಗಳ ವಿಷಯಕ್ಕೆ ಬಂದಾಗ ಸುಮ್ಮನಾಗುತ್ತವೆ. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಇಂದಿಗೂ ಜನ Belgaum, Belagavi ಎರಡನ್ನೂ ಟೈಪ್ ಮಾಡುತ್ತಾರೆ. ಬಿಜಾಪುರ ವಿಜಯಪುರವಾದಾಗ ದೇವನಹಳ್ಳಿ ತಾಲ್ಲೂಕಿನ ವಿಜಯಪುರದವರ ಪಾಡು ಬೇರೆಯೇ ಆಯಿತು, ಅಲ್ಲಿನ ರಿಪೇರಿಯವರು ಜಿಲ್ಲೆಯ ಹೆಸರು ಸೇರಿಸದೆ ಬರೆಯುವಂತಿಲ್ಲ. ಕನ್ನಡದಲ್ಲಿ ಬರೆದಾಗ ಇನ್ನೊಂದು ಸೂಕ್ಷ್ಮವಿದೆ. ‘ನಂಜನಗೂಡಿನಲ್ಲಿ’, ‘ನಂಜನಗೂಡಿನ’ ಎಂದು ವಿಭಕ್ತಿ ಹತ್ತಿದಾಗ ಹೆಸರಿನ ರೂಪವೇ ಬದಲಾಗುತ್ತದೆ. ಫೋನಿಗೆ ಮಾತಾಡಿ ಹುಡುಕುವವರು ಹೇಳುವುದು ‘ವಾಷಿಂಗ್ ಮಷೀನ್ ರಿಪೇರಿ ನಂಜನಗೂಡು’ ಎಂದು. ಯಂತ್ರ ಎರಡನ್ನೂ ಒಂದೇ ಎಂದು ತಿಳಿಯುತ್ತದೆಂದು ನಂಬಿ ಕೂರುವ ಬದಲು ನಾನು ಬಿಡಿ ರೂಪವನ್ನು ಕನ್ನಡ ಶೀರ್ಷಿಕೆಯಲ್ಲಿ ಒಮ್ಮೆ ಇಟ್ಟೇ ಇಡುತ್ತೇನೆ.

ಬಡಾವಣೆಗಳ ಹೆಸರಂತೂ ಯಾವ ಪಟ್ಟಿಯಲ್ಲೂ ಸರಿಯಾಗಿಲ್ಲ. ನಕ್ಷೆ ವಿ.ವಿ. ಮೊಹಲ್ಲಾ ಎಂದರೆ ಹಿರಿಯರು ಒಂಟಿಕೊಪ್ಪಲು ಎನ್ನುತ್ತಾರೆ. ಆ ಕಂಪ್ಲೇಂಟ್ ಪುಸ್ತಕದಲ್ಲಿ ವಿಳಾಸದ ಅಂಕಣ ಓದುತ್ತಾ ಹೋದೆ: ‘ಕಾಂಪ್ಲೆಕ್ಸ್ ಹತ್ರ’, ‘ಆಂದೋಲನ ಸರ್ಕಲ್ ಹಿಂದೆ’, ‘ಒಂಟಿಕೊಪ್ಪಲು ದೇವಸ್ಥಾನದ ರಸ್ತೆ’. ಗಿರಾಕಿಗಳು ಫೋನಿನಲ್ಲಿ ಹೇಳಿದ್ದನ್ನು ಅಂಗಡಿಯ ಹುಡುಗ ಹಾಗೇ ಬರೆದಿದ್ದ. ಕುವೆಂಪುನಗರದ ಪುಟದಲ್ಲಿ ‘ನಾವು ಬರುವ ಜಾಗಗಳು’ ಎಂಬ ಪ್ಯಾರಾವನ್ನು ಆ ಅಂಕಣ ನೋಡಿಯೇ ಬರೆದೆವು.